ತಲೆಗೆ ಹಾಕಿದ ಡೈ, ಬಾತುಕೊಂಡದ್ದು ಕಣ್ಣು: ಇದು ಡೈಯಿಂದಲೇ ಆದದ್ದಾ?

ಸಂತೆಕಟ್ಟೆ ಅಕ್ಕ
ನನಗೆ 44 ವರ್ಷ. ಎಂಟು ವರ್ಷದಿಂದ ತಿಂಗಳಿಗೊಮ್ಮೆ ಮನೆಯಲ್ಲೇ ಕೂದಲಿಗೆ ಡೈ ಹಾಕಿಕೊಳ್ಳುತ್ತೇನೆ. ಒಂದೇ ಕಂಪೆನಿ, ಒಂದೇ ಬಣ್ಣ. ಒಂದು ದಿನವೂ ತೊಂದರೆ ಆಗಿರಲಿಲ್ಲ.

ಕಳೆದ ಶನಿವಾರ ಸಂಜೆ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆದೆ. ರಾತ್ರಿ ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಸಿಗಡಿ ಸುಕ್ಕ ಮಾಡಿದ್ದೆವು. ಸಂಜೆ ಹೊತ್ತಿಗೆ ಕಿವಿಯ ಹಿಂದೆ ತುರಿಕೆ ಶುರು. ಸೋಮವಾರ ಬೆಳಿಗ್ಗೆ ಎದ್ದರೆ ಎರಡೂ ಕಣ್ಣು ತೆರೆಯಲು ಆಗುತ್ತಿಲ್ಲ. ರೆಪ್ಪೆ ಪೂರಿ ಹಾಗೆ ಉಬ್ಬಿತ್ತು. ಕಿವಿಯ ಹಿಂದೆ ಸಣ್ಣ ಸಣ್ಣ ನೀರುಗುಳ್ಳೆ, ಒಡೆದು ನೀರು ಸೋರುತ್ತಿತ್ತು. ಹಣೆಯ ಮೇಲೆ ಕೂದಲ ಅಂಚಿನುದ್ದಕ್ಕೂ ಕೆಂಪು. ಕುತ್ತಿಗೆಯ ಹಿಂದೆ ಎರಡು ಗೆರೆ ಎಳೆದ ಹಾಗೆ ಬೊಕ್ಕೆ ಎದ್ದಿತ್ತು.

ಹತ್ತಿರದ ಕ್ಲಿನಿಕ್‌ನಲ್ಲಿ ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ಟರು. ಅತ್ತೆ ಸಿಗಡಿಯದ್ದೇ ಅಂತಾರೆ. ಪಕ್ಕದ ಮನೆಯವರು ಸರ್ಪಸುತ್ತು ಅಂತ ಹೇಳಿ ಹೋದರು. ಡೈ ಅಂತ ನನಗೇ ಸಂಶಯ ಬಂತು. ಆದರೆ ಡೈ ಹಾಕಿದ್ದು ತಲೆಗೆ, ತಲೆಯಲ್ಲಿ ಹೆಚ್ಚೇನೂ ಇಲ್ಲ. ಸ್ವಲ್ಪ ತುರಿಕೆ ಅಷ್ಟೆ. ಕಣ್ಣಿಗಂತೂ ಡೈ ತಾಗಿಸಿಯೇ ಇಲ್ಲ. ಹಾಗಾದರೆ ಡೈ ಅಲ್ಲ ಅಂತ ಆಯ್ತಲ್ವಾ?

ಕಾರ್ಕಳದವ
ಇದು ಹುಳ ಮಾರಾಯ್ರೆ. ಮಳೆ ಕಡಿಮೆಯಾದ ಮೇಲೆ ಟ್ಯೂಬ್‌ಲೈಟ್ ಸುತ್ತ ಬರುತ್ತದಲ್ಲ, ಇರುವೆ ಹಾಗೆ ಸಪೂರ, ಕೆಂಪು-ಕಪ್ಪು ಬಣ್ಣದ್ದು. ಮೈಮೇಲೆ ಕೂತಾಗ ಉಜ್ಜಿದರೆ ಅದರ ರಸ ತಾಗಿ ಗೆರೆ ಗೆರೆಯಾಗಿ ಸುಡುತ್ತದೆ. ನೀವೂ ಗೆರೆ ಅಂತಲೇ ಬರೆದಿದ್ದೀರಿ. ನನಗೆ ಹೋದ ವರ್ಷ ಕುತ್ತಿಗೆಗೆ ಆಗಿತ್ತು.

ಬೆಳ್ಳಿಕೂದಲು
ನನಗೂ 44ಕ್ಕೇ ಪೂರ್ತಿ ಬೆಳ್ಳಗಾಗಿದೆ. ಒಳ್ಳೆಯ ಡೈ ಯಾವುದು ಅಂತ ಯಾರಾದರೂ ಹೇಳಿ. ಅಮೋನಿಯಾ ಇಲ್ಲದ್ದು ಒಳ್ಳೆಯದಂತೆ ಹೌದಾ?

ಒಪಿಡಿ ಸಿಸ್ಟರ್
ಅಕ್ಕ, ನಾನು ಚರ್ಮದ ಒಪಿಡಿಯಲ್ಲಿ 19 ವರ್ಷ ನರ್ಸ್ ಆಗಿದ್ದೆ. ಡಾಕ್ಟರ್ ಅಲ್ಲ. ಆದರೆ ಜನರ ಬೆನ್ನಿಗೆ ಅಲರ್ಜಿ ಪಟ್ಟಿ ಅಂಟಿಸಿದ್ದು ಎಷ್ಟೋ ಲೆಕ್ಕ ಇಲ್ಲ. ಹೇಳುವ ಮೊದಲು ನಾಲ್ಕು ಪ್ರಶ್ನೆ.

ಡೈ ತಲೆಯಲ್ಲಿ ಇರುವಾಗಲೇ ಉರಿ ಬಂದಿತ್ತಾ? ತೊಳೆದದ್ದು ಹೇಗೆ, ಮುಂದೆ ಬಗ್ಗಿಯಾ, ಶವರ್ ಕೆಳಗೆ ನಿಂತಾ? ಬೊಕ್ಕೆ ಎರಡೂ ಕಡೆ ಇದೆಯಾ, ಒಂದೇ ಕಡೆಯಾ? ಜ್ವರ ಇದೆಯಾ? ಇನ್ನೊಂದು, ಯಾವತ್ತಾದರೂ ಕಪ್ಪು ಮೆಹಂದಿ ಕೋನ್ ಹಾಕಿಸಿಕೊಂಡಿದ್ದೀರಾ? ನಾಲ್ಕು ಅಂದು ಐದು ಕೇಳಿದೆ.

ಸಂತೆಕಟ್ಟೆ ಅಕ್ಕ
ಹಾಕಿದಾಗ ಉರಿ ಇರಲಿಲ್ಲ. ಬಚ್ಚಲಿನಲ್ಲಿ ಮುಂದೆ ಬಗ್ಗಿ ಚೊಂಬಿನಲ್ಲಿ ನೀರು ಹೊಯ್ದುಕೊಂಡೆ, ಮತ್ತೆ ನೇರ ನಿಂತು ಸ್ನಾನ ಮಾಡಿದೆ. ಎರಡೂ ಕಡೆ ಇದೆ. ಜ್ವರ ಇಲ್ಲ, ನೋವಿಗಿಂತ ತುರಿಕೆಯೇ ಜಾಸ್ತಿ. ರಾತ್ರಿ ನಿದ್ದೆ ಇಲ್ಲ.

ಮೆಹಂದಿ ಹೌದು! ಮೂರು ವರ್ಷದ ಹಿಂದೆ ತಂಗಿಯ ಮದುವೆಯ ಮದರಂಗಿ ದಿನ ಬೇಗ ಕಪ್ಪಾಗುವ ಕೋನ್ ಹಾಕಿಸಿದ್ದೆ. ಆಗ ಮುಂಗೈಯಲ್ಲಿ ಸ್ವಲ್ಪ ತುರಿಸಿತ್ತು. ಎರಡು ದಿನದಲ್ಲಿ ಹೋಯ್ತು. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಒಪಿಡಿ ಸಿಸ್ಟರ್
ಸಂಬಂಧ ಉಂಟು. ಮೊದಲು ಕಣ್ಣಿನ ವಿಷಯ ಹೇಳುತ್ತೇನೆ, ಎಲ್ಲರೂ ಎಡವುವುದು ಅಲ್ಲೇ.

ಬುರುಡೆಯ ಚರ್ಮ ದಪ್ಪ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಅದರ ಕೆಳಗೆ ಸಡಿಲವಾದ ಜಾಗ. ಒಂದೇ ಡೈ ಎರಡೂ ಕಡೆ ತಾಗಿದರೂ ಬುರುಡೆಗೆ ಬರೀ ತುರಿಕೆ, ರೆಪ್ಪೆಗೆ ಬಾವು. ನೀವು ಕಣ್ಣಿಗೆ ತಾಗಿಸಿಲ್ಲ ಅಂತೀರಿ, ಆದರೆ ಬಗ್ಗಿ ತೊಳೆದಾಗ ಡೈ ನೀರು ಹಣೆ ದಾಟಿ ರೆಪ್ಪೆಯ ಮೇಲೇ ಇಳಿದಿರುತ್ತದೆ. ನೇರ ನಿಂತಾಗ ಉಳಿದ ನೀರು ಕಿವಿಯ ಹಿಂದಿನ ಮಡಿಕೆಗೆ ಹೋಗಿ ಅಲ್ಲೇ ನಿಂತಿತು, ಮಿಕ್ಕಿದ್ದು ಕುತ್ತಿಗೆಯ ಹಿಂದೆ ಹರಿಯಿತು. ಕುತ್ತಿಗೆಯ ಆ ಎರಡು ಗೆರೆ ನೀರು ಹರಿದ ದಾರಿ. ಒಪಿಡಿಯಲ್ಲಿ ಇಂಥವರು ಬಂದರೆ ನಮ್ಮ ಡಾಕ್ಟರ್ ಮೊದಲು ಕಿವಿ ಮಡಚಿ ಹಿಂದೆ ನೋಡುತ್ತಿದ್ದರು, ಮತ್ತೆ ಕಾಲರ್ ಎಳೆದು ಬೆನ್ನಿನ ಮೇಲ್ಭಾಗ. ತಲೆ ನೋಡುವುದು ಕೊನೆಗೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ತಿರುಗಾಮುರುಗಾ. ತಲೆಯಲ್ಲಿ ಕಡಿಮೆ, ಅಂಚಿನಲ್ಲಿ ಜಾಸ್ತಿ ಅಂದರೆ ಡೈ ಮೇಲೆಯೇ ಸಂಶಯ ಹೆಚ್ಚಬೇಕು.

ಇನ್ನು ಸಮಯ. ಡೈಯ ಖಾರಕ್ಕೆ ಸುಟ್ಟದ್ದಾದರೆ ಹಾಕಿದ ಅರ್ಧ ಗಂಟೆಯ ಒಳಗೇ ಉರಿಯುತ್ತಿತ್ತು, ಅದೂ ಬುರುಡೆಯಲ್ಲೇ. ನಿಮಗೆ ಒಂದು ದಿನ ಬಿಟ್ಟು ತುರಿಕೆ, ಎರಡನೇ ದಿನಕ್ಕೆ ಜೋರು. ಅಲರ್ಜಿಯ ನಡೆ ಇದೇ.

ಸಿಗಡಿಯದ್ದಾದರೆ ತಿಂದು ಒಂದೆರಡು ಗಂಟೆಯಲ್ಲಿ ಮೈಯೆಲ್ಲ ದಡಿಕೆ ಏಳುತ್ತದೆ. ಇಲ್ಲಿ ಇಳಿದು ಅಲ್ಲಿ ಏಳುತ್ತದೆ, ದಿನದೊಳಗೆ ಮಾಯ. ನೀರುಗುಳ್ಳೆ ಸೋರುವುದಿಲ್ಲ. ಸರ್ಪಸುತ್ತು ದೇಹದ ಒಂದೇ ಬದಿಗೆ ಬರುತ್ತದೆ, ಹೆಚ್ಚಾಗಿ ಮೊದಲು ನೋವು, ಆಮೇಲೆ ಗುಳ್ಳೆ. ಕಣ್ಣಿನ ಇನ್ಫೆಕ್ಷನ್ ಆದರೆ ಸಾಮಾನ್ಯವಾಗಿ ಒಂದು ಕಣ್ಣು, ಮುಟ್ಟಿದರೆ ನೋವು, ಜ್ವರ. ಇದೆಲ್ಲ ನಾನು ನೋಡಿ ಹೇಳಿದ್ದಲ್ಲ, ನೀವು ಬರೆದದ್ದನ್ನು ಓದಿ ಹೇಳಿದ್ದು. ಚರ್ಮದ ಡಾಕ್ಟರಿಗೆ ಇವತ್ತೇ ತೋರಿಸಿ. ಉಸಿರಾಟಕ್ಕೆ ಕಷ್ಟ ಆದರೆ, ನಾಲಿಗೆ ದಪ್ಪ ಆದರೆ ಒಪಿಡಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಕಾರ್ಕಳದವ
ಹುಳವೂ ಮಾರನೇ ದಿನವೇ ಏಳುವುದು ಸಿಸ್ಟರ್. ರಾತ್ರಿ ತಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಒಪಿಡಿ ಸಿಸ್ಟರ್
ಅದು ಸರಿ. ಸಮಯ ಒಂದನ್ನೇ ಹಿಡಿದರೆ ನಿಮ್ಮ ಮಾತು ನಿಲ್ಲುತ್ತದೆ. ಕಾರ್ತಿಕದ ಹೊತ್ತಿಗೆ ಒಪಿಡಿಯಲ್ಲಿ ಅದೇ ಜನ ಜಾಸ್ತಿ. ಆದರೆ ಹುಳದ್ದು ತುರಿಕೆಗಿಂತ ಉರಿ. ಹುಳ ಉಜ್ಜಿದ ಜಾಗದಲ್ಲಿ ಮಾತ್ರ ಗೆರೆ. ಮೊಣಕೈ ಮಡಿಕೆಯಲ್ಲಿ ತಾಗಿದರೆ ಎದುರು ಬದಿಗೂ ಅಚ್ಚು ಹೊಡೆದ ಹಾಗೆ ಇನ್ನೊಂದು. ಎರಡು ರೆಪ್ಪೆ, ಎರಡು ಕಿವಿ, ಕೂದಲಿನ ಅಂಚು ಪೂರ್ತಿ, ಇಷ್ಟನ್ನು ಅಳತೆ ಹಿಡಿದು ಉಜ್ಜಲು ಹುಳಕ್ಕೆ ಪುರುಸೊತ್ತು ಇರುವುದಿಲ್ಲ.

ಉಳ್ಳಾಲದ ಹುಡುಗ
ಕೋನ್ ವಿಷಯ ಬಂತಲ್ಲ, ನಮ್ಮ ಮನೆಯದ್ದು ಕೇಳಿ. ಅಕ್ಕನ ಮಗಳಿಗೆ ಏಳು ವರ್ಷ. ಮದುವೆಗೆ ಮೈಲಾಂಜಿ ಹಾಕಿಸಿದ್ದು. ಅಂಗೈಗೆ ಮನೆಯಲ್ಲಿ ಕಲಸಿದ್ದು ಹಾಕಿದ್ದರು. ಮುಂಗೈಗೆ ಯಾರೋ ಕಪ್ಪು ಕೋನ್‌ನಲ್ಲಿ ಬಳ್ಳಿ, ಮಾವಿನಕಾಯಿ ಡಿಸೈನ್ ಬಿಡಿಸಿದರು. ಅರ್ಧ ಗಂಟೆಯಲ್ಲಿ ಜಡೆ ಹಾಗೆ ಕಪ್ಪು. ಎಂಟು ದಿನ ಏನೂ ಇಲ್ಲ. ಬಣ್ಣ ಮಾಸುತ್ತಾ ಬಂತು ಅನ್ನುವಾಗ ಒಂಬತ್ತನೇ ದಿನ ಆ ಡಿಸೈನೇ ಉಬ್ಬಿ ಎದ್ದಿತು! ಮಾವಿನಕಾಯಿಯ ಬಾಲ, ಒಳಗಿನ ಮೂರು ಚುಕ್ಕೆ, ಎಲ್ಲವೂ ನೀರುಗುಳ್ಳೆಯಲ್ಲಿ. ಕಣ್ಣು ಮುಚ್ಚಿ ಮುಟ್ಟಿದರೂ ಡಿಸೈನ್ ಹೇಳಬಹುದಿತ್ತು. ಗೆರೆಯ ಆಚೆ ಈಚೆ ಚರ್ಮ ಸರಿ ಇತ್ತು. ಅಂಗೈಗೆ ಏನೂ ಆಗಲಿಲ್ಲ.

ಈಗ ನಾಲ್ಕು ತಿಂಗಳು. ಗುಳ್ಳೆ ಹೋಗಿದೆ, ಆದರೆ ಅದೇ ಡಿಸೈನ್ ಬಿಳಿಚಿಕೊಂಡು ನಿಂತಿದೆ. ಅಮ್ಮ ತೊನ್ನು ಅಂತ ಹೆದರಿದ್ದಾರೆ.

ಒಪಿಡಿ ಸಿಸ್ಟರ್
ನಿಮ್ಮ ಒಂಬತ್ತನೇ ದಿನ ಅನ್ನುವುದು ಮುಖ್ಯ. ಮಗುವಿಗೆ ಇದು ಮೊದಲ ಸಲ. ಮೈಯ ಕಾವಲು ಪಡೆಗೆ ಇಂಥ ವಸ್ತುವನ್ನು ಶತ್ರು ಅಂತ ಗುರುತು ಹಿಡಿಯಲು ಒಂದೆರಡು ವಾರ ಬೇಕು. ಅಷ್ಟು ಹೊತ್ತಿಗೂ ಚರ್ಮದಲ್ಲಿ ವಸ್ತು ಸ್ವಲ್ಪ ಉಳಿದಿದ್ದರೆ ಅಲ್ಲೇ ಜಗಳ. ಒಮ್ಮೆ ಗುರುತು ಸಿಕ್ಕ ಮೇಲೆ ಆ ನೆನಪು ಹೋಗುವುದಿಲ್ಲ. ಮುಂದಿನ ಸಲ ಒಂದೆರಡು ದಿನದಲ್ಲೇ ಏಳುತ್ತದೆ. ಸಂತೆಕಟ್ಟೆ ಅಕ್ಕನಿಗೆ ಆದದ್ದು ಈ ಎರಡನೇ ತರದ್ದು ಅಂತ ನನ್ನ ಅಂದಾಜು. ಗುರುತು ಹಿಡಿಸಿದ್ದು ಆ ಕೋನಾ, ಎಂಟು ವರ್ಷದ ಡೈಯಾ, ಅದನ್ನು ಈಗ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಎರಡರಲ್ಲೂ ಇರುವುದು ಒಂದೇ ವಸ್ತು, ಪ್ಯಾರಾ-ಫಿನೈಲಿನ್‌ಡಯಮೈನ್. ಒಪಿಡಿಯಲ್ಲಿ ನಾವು ಪಿಪಿಡಿ ಅನ್ನುತ್ತೇವೆ. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಡೈಯಲ್ಲಿ ಅದು 2% ಮೀರಬಾರದು ಅಂತ ಕಾನೂನು. ಚರ್ಮಕ್ಕೆ ನೇರ ಹಚ್ಚುವಂತೆಯೇ ಇಲ್ಲ. ಕಪ್ಪು ಮೆಹಂದಿಯಲ್ಲಿ 15% ದಾಟಿದ್ದೂ ಪರೀಕ್ಷೆಗಳಲ್ಲಿ ಸಿಕ್ಕಿದೆ. ಅದನ್ನು ಮಗುವಿನ ಮುಂಗೈಗೆ ಹಾಕಿ ಒಣಗಲು ಬಿಡುವುದು!

ಅಂಗೈಗೆ ಹಾಕಿದ್ದು ಬರೀ ಎಲೆ. ಅದೇ ಕಪ್ಪು ಕೋನ್ ಅಂಗೈಗೆ ಹಾಕಿದ್ದರೂ ದಪ್ಪ ಚರ್ಮ, ಇಷ್ಟು ಏಳುತ್ತಿರಲಿಲ್ಲವೋ ಏನೋ.

ಬಿಳಿಚಿದ್ದು ಗುಳ್ಳೆ ಎದ್ದ ಗೆರೆಯ ಮೇಲೆ ಮಾತ್ರ ಇದ್ದರೆ ಹೆಚ್ಚಾಗಿ ಉರಿಯೂತದ ಕಲೆ. ತಿಂಗಳುಗಟ್ಟಲೆ ಹಿಡಿದು ನಿಧಾನವಾಗಿ ಬಣ್ಣ ತುಂಬುತ್ತದೆ. ಗೆರೆ ಬಿಟ್ಟು ಹರಡಿದರೆ, ಹಾಲಿನಷ್ಟು ಬೆಳ್ಳಗಾದರೆ ತೋರಿಸಿ. ಡೈ ತಾಗಿದ ಜಾಗದಿಂದ ನಿಜವಾಗಿ ತೊನ್ನಿನ ತರ ಶುರುವಾದವರೂ ಇದ್ದಾರೆ, ಕಡಿಮೆ.

ಪುತ್ತೂರು ಮಾಮ್
ಅದಕ್ಕೇ ನಾನು ಹೇಳುವುದು, ಕೆಮಿಕಲ್ ಬಿಟ್ಟು ಪ್ರಕೃತಿಗೆ ಬನ್ನಿ. ಮದರಂಗಿಯಿಂದ ಯಾರಿಗೂ ಅಲರ್ಜಿ ಆಗುವುದಿಲ್ಲ. ನಾನು ಹತ್ತು ವರ್ಷದಿಂದ ಹರ್ಬಲ್ ಕಪ್ಪು ಹೆನ್ನಾ ಪುಡಿ ಹಾಕುತ್ತೇನೆ. ನೀರಲ್ಲಿ ಕಲಸಿ ಹಚ್ಚಿ ಮುಕ್ಕಾಲು ಗಂಟೆ. ಕೂದಲು ಕಪ್ಪು ಮಿರಿಮಿರಿ.

ಬಿಜೈ ಪಾರ್ಲರ್
ಮಾಮ್, ಬೇಜಾರು ಮಾಡಬೇಡಿ. ಆ ಪ್ಯಾಕೆಟ್ಟಿನ ಹಿಂಬದಿ ಸಣ್ಣ ಅಕ್ಷರ ಓದಿ. ಮದರಂಗಿ ಎಲೆ ಎಷ್ಟು ಅರೆದರೂ ಕಪ್ಪಾಗುವುದಿಲ್ಲ. ಅಂಗಳದ ಗಿಡದ ಎಲೆ ಅರೆದು ಹಚ್ಚಿದ್ದು ನೆನಪು ಮಾಡಿಕೊಳ್ಳಿ. ರಾತ್ರಿಯೆಲ್ಲ ಬಟ್ಟೆ ಸುತ್ತಿ ಮಲಗಿ, ಬೆಳಿಗ್ಗೆ ತೆಗೆದರೆ ಕಿತ್ತಳೆ ಬಣ್ಣ. ಒಂದೆರಡು ದಿನ ಕಳೆದ ಮೇಲೆ ಕಂದುಗೆಂಪು. ಬಿಳಿ ಕೂದಲಿಗೆ ಹಾಕಿದರೂ ಕೆಂಪೇ. ಮುಕ್ಕಾಲು ಗಂಟೆಯಲ್ಲಿ ಕಪ್ಪು ಅಂದರೆ ಒಳಗೆ ಬೇರೇನೋ ಇದೆ. ನೀಲಿ ಎಲೆ ಪುಡಿಯನ್ನು ಮದರಂಗಿ ಆದ ಮೇಲೆ ಎರಡನೇ ಸಲ ಹಚ್ಚಿದರೆ ಕಪ್ಪಾಗುತ್ತದೆ, ಆದರೆ ಅದು ಗಂಟೆಗಟ್ಟಲೆ ಕೆಲಸ.

ನನ್ನದೂ ಒಂದು ಕೇಸ್ ಉಂಟು. ಹದಿಮೂರು ವರ್ಷ ಪಾರ್ಲರ್ ಕೆಲಸ. ಮುಖಕ್ಕೆ ಏನೂ ಇಲ್ಲ. ಎಡಗೈಯ ತೋರುಬೆರಳು, ನಡುಬೆರಳು ಮಾತ್ರ ಒಡೆದು, ತುರಿಸಿ, ನೀರು ಬರುತ್ತದೆ. ಭಾನುವಾರ, ಸೋಮವಾರ ರಜೆ ಹಾಕಿದರೆ ಕಡಿಮೆ. ಸೋಪಿನದ್ದು ಅಂತ ಸೋಪು ಬದಲಾಯಿಸುತ್ತಾ ಕೂತೆ. ಇದೂ ಅದೇನಾ?

ಒಪಿಡಿ ಸಿಸ್ಟರ್
ನೀವು ಬಲಗೈಯವರಾ? ಡೈ ಹಾಕಿದ ಕೂದಲನ್ನು ಕತ್ತರಿಸುವಾಗ ಎಡಗೈಯ ಆ ಎರಡು ಬೆರಳಿನ ನಡುವೆ ಹಿಡಿಯುತ್ತೀರಲ್ಲ?

ಬಿಜೈ ಪಾರ್ಲರ್
ಅಯ್ಯೋ ಹೌದು! ಡೈ ಹಾಕುವಾಗ ಗ್ಲೌಸ್ ಹಾಕುತ್ತೇನೆ. ತೊಳೆದು ಕತ್ತರಿಸುವಾಗ ಬರಿಗೈ.

ಒಪಿಡಿ ಸಿಸ್ಟರ್
ಆಗತಾನೇ ಡೈ ಹಾಕಿದ ಕೂದಲಲ್ಲಿ ಬಣ್ಣವಾಗದೆ ಉಳಿದ ವಸ್ತು ಸ್ವಲ್ಪ ಇರುತ್ತದೆ. ಮೊದಲು ಕತ್ತರಿಸಿ ಆಮೇಲೆ ಡೈ ಹಾಕಿ, ಒಂದು ದಾರಿ. ತೊಳೆಯುವಾಗಲೂ ಗ್ಲೌಸ್ ಬೇಕು. ಡೈ ಪ್ಯಾಕೆಟ್ಟಿನಲ್ಲಿ ಬರುವ ಲೊಡಕಾಸಿ ಪ್ಲಾಸ್ಟಿಕ್ ಸಾಲದು, ನೈಟ್ರೈಲ್ ಅಂತ ಕೇಳಿ ತೆಗೆದುಕೊಳ್ಳಿ. ಒಮ್ಮೆ ಬಳಸಿದ್ದನ್ನು ಮಗುಚಿ ಮತ್ತೆ ಹಾಕಬೇಡಿ, ಒಳಗಿಂದಲೇ ತಾಗುತ್ತದೆ. ಆದರೆ ನಿಮ್ಮ ಕೈಗೆ ದಿನವಿಡೀ ನೀರು, ಶ್ಯಾಂಪೂ ಕೂಡ. ಅದರಿಂದಲೂ ಬೆರಳು ಒಡೆಯುತ್ತದೆ. ನಿಮ್ಮದರಲ್ಲಿ ಎರಡೂ ಸೇರಿರಬಹುದು. ಬೆನ್ನಿಗೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್ ಇಲ್ಲದೆ ನಾನು ಹೇಳಲಾರೆ.

ಪುತ್ತೂರು ಮಾಮ್
ಪ್ಯಾಕೆಟ್ ನೋಡಿದೆ. ಮದರಂಗಿ, ನೆಲ್ಲಿ, ಭೃಂಗರಾಜ ಎಲ್ಲ ದೊಡ್ಡದಾಗಿ ಬರೆದಿದ್ದಾರೆ. ಕೊನೆಯ ಸಾಲಿನಲ್ಲಿ ಇರುವೆ ಅಕ್ಷರದಲ್ಲಿ ಸಿಸ್ಟರ್ ಹೇಳಿದ ಪಿಪಿಡಿಯೇ ಉಂಟು. ಆದರೂ ನನಗೆ ಹತ್ತು ವರ್ಷದಿಂದ ಏನೂ ಆಗಿಲ್ಲವಲ್ಲ?

ಸಂತೆಕಟ್ಟೆ ಅಕ್ಕ
ನನಗೂ ಎಂಟು ವರ್ಷ ಏನೂ ಆಗಿರಲಿಲ್ಲ ಮಾಮ್.

ಚರ್ಮದ ಡಾಕ್ಟರಿಗೆ ತೋರಿಸಿದೆ. ಡೈ ಅಂತಲೇ ಅವರೂ ಹೇಳಿದರು. ಕಿವಿ ಮಡಚಿಯೇ ನೋಡಿದ್ದು! ಸೋರುವ ಜಾಗಕ್ಕೆ ತಣ್ಣನೆಯ ಸಲೈನ್ ಬಟ್ಟೆ ಇಡಲು ಹೇಳಿದರು. ಸ್ಟೀರಾಯ್ಡ್ ಮಾತ್ರೆ ಕೆಲವು ದಿನಕ್ಕೆ, ಕುತ್ತಿಗೆಗೆ ಒಂದು ಮುಲಾಮು, ರೆಪ್ಪೆಗೆ ಬೇರೆಯೇ ಮೆತ್ತನೆಯದ್ದು. ಕುತ್ತಿಗೆಯದ್ದನ್ನು ರೆಪ್ಪೆಗೆ ಹಚ್ಚಲೇಬೇಡಿ ಅಂತ ಎರಡೆರಡು ಸಲ ಹೇಳಿದರು. ಮೂರನೇ ದಿನಕ್ಕೆ ಕಣ್ಣು ಬಿಟ್ಟೆ. ಪ್ಯಾಚ್ ಟೆಸ್ಟ್ ಈಗ ಬೇಡ, ಆರು ವಾರ ಕಳೆದು ಬನ್ನಿ ಅಂದರು. ಯಾಕೆ ಈಗಲೇ ಮಾಡುವುದಿಲ್ಲ?

ಒಪಿಡಿ ಸಿಸ್ಟರ್
ಸ್ಟೀರಾಯ್ಡ್ ಮಾತ್ರೆ ತಿನ್ನುವಾಗ ಕಾವಲು ಪಡೆ ತೂಕಡಿಸುತ್ತಿರುತ್ತದೆ. ಈಗ ಮಾಡಿದರೆ ಇದ್ದ ಅಲರ್ಜಿಯೂ ಇಲ್ಲ ಅಂತ ಬರಬಹುದು. ಚರ್ಮ ಕೆರಳಿದ್ದಾಗ ಮಾಡಿದರೆ ಉಲ್ಟಾ, ಸುಮ್ನೆ ಎಲ್ಲವೂ ಕೆಂಪಾಗುತ್ತದೆ.

ಆರು ವಾರ ಅಂದರೆ ಡಿಸೆಂಬರ್, ಒಳ್ಳೆಯದಾಯ್ತು. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಟ್ಟಿ ಅಂಟಿಸಿದರೆ ಸಂಜೆಯೊಳಗೆ ಬೆವರಿಗೆ ಅರ್ಧ ಎದ್ದು ಬರುತ್ತದೆ. ನಾವು ಅಂಚಿಗೆ ಮತ್ತೊಂದು ಸುತ್ತು ಟೇಪ್ ಹಾಕಿ ಕಳಿಸುತ್ತಿದ್ದೆವು.

ಅಂಟಿಸಿದ್ದು ಎರಡು ದಿನ ಬೆನ್ನಲ್ಲೇ ಇರಬೇಕು, ಒದ್ದೆ ಆಗಬಾರದು. 48 ಗಂಟೆಗೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ನಾಲ್ಕನೇ ದಿನ ಮತ್ತೆ ಹೋಗಲೇಬೇಕು. ದೂರದವರು ಎರಡನೇ ದಿನಕ್ಕೇ ಮುಗಿಯಿತು ಅಂತ ಮನೆಗೆ ಹೋಗಿಬಿಡುತ್ತಾರೆ. ಬರೀ ಕೆರಳಿದ್ದಾದರೆ ನಾಲ್ಕನೇ ದಿನಕ್ಕೆ ಇಳಿದಿರುತ್ತದೆ, ಅಲರ್ಜಿಯದ್ದು ಇನ್ನೂ ಏರಿರುತ್ತದೆ. ಆ ವ್ಯತ್ಯಾಸ ನೋಡಲಿಕ್ಕೇ ಎರಡು ಸಲ ಕರೆಯುವುದು.

ಕಾರ್ಕಳದವ
ಡೈ ಪ್ಯಾಕೆಟ್ಟಲ್ಲೇ ಬರೆದಿರುತ್ತದಲ್ಲ, ಕಿವಿ ಹಿಂದೆ ಒಂಚೂರು ಹಚ್ಚಿ 48 ಗಂಟೆ ನೋಡಿ ಅಂತ. ಮನೆಯಲ್ಲೇ ಮಾಡಿದರೆ ಆಯ್ತಲ್ಲ. ಇದಕ್ಕೆಲ್ಲ ಆಸ್ಪತ್ರೆ ಯಾಕೆ?

ಒಪಿಡಿ ಸಿಸ್ಟರ್
ಇಷ್ಟು ಜೋರು ಎದ್ದವರು ಮನೆಯಲ್ಲಿ ಮಾಡಬಾರದು. ನಮ್ಮಲ್ಲಿ ಒಬ್ಬರು ಹಾಗೆ ಮಾಡಿ ಮತ್ತೆ ಕಣ್ಣು ಮುಚ್ಚಿಕೊಂಡು ಬಂದಿದ್ದರು. ಇದುವರೆಗೆ ಏನೂ ಆಗದವರಿಗೆ ಆ ಸೂಚನೆ ಸರಿ, ಆದರೆ ಒಮ್ಮೆ ಪಾಸಾದರೆ ಜೀವನಪೂರ್ತಿ ಪಾಸ್ ಅಲ್ಲ. ಮುಂದಿನ ಡಬ್ಬಕ್ಕೆ ಮತ್ತೆ ನೋಡಬೇಕು. ಎಷ್ಟು ಮಂದಿ ನೋಡುತ್ತಾರೆ, ಬಿಡಿ.

ಸಂತೆಕಟ್ಟೆ ಅಕ್ಕ
ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಟೆಸ್ಟ್ ಆಯ್ತು. ಸೋಮವಾರ ಬೆನ್ನಿಗೆ ಇಪ್ಪತ್ತು ಸಣ್ಣ ಬಟ್ಟಲು ಅಂಟಿಸಿದರು, ಗುಂಡಿಯಷ್ಟೇ ದೊಡ್ಡದು. ಡೈಯ ವಸ್ತು ವ್ಯಾಸಲೀನ್‌ನಲ್ಲಿ 1% ಅಂತ ಅಲ್ಲಿನ ಸಿಸ್ಟರ್ ಹೇಳಿದರು. ಮಂಗಳವಾರ ರಾತ್ರಿಯೇ ಒಂದು ಜಾಗದಲ್ಲಿ ತಡೆಯಲಾಗದ ತುರಿಕೆ. ಬುಧವಾರ ತೆಗೆದಾಗ ಅಲ್ಲಿ ಕೆಂಪು ಉಂಡೆ. ಶುಕ್ರವಾರ ಹೋದಾಗ ಅದರ ಮೇಲೆ ನೀರುಗುಳ್ಳೆ, ಬಟ್ಟಲಿನ ಅಂಚು ದಾಟಿ ಹರಡಿತ್ತು. ಮಗಳು ಫೋಟೋ ತೆಗೆದು ತೋರಿಸಿದಳು, ಕುತ್ತಿಗೆಯಲ್ಲಿ ಎದ್ದದ್ದರ ತುಣುಕು ಕತ್ತರಿಸಿ ಇಟ್ಟ ಹಾಗೆ ಇತ್ತು. ನಿಕ್ಕಲ್ ಜಾಗದಲ್ಲಿಯೂ ಸ್ವಲ್ಪ ಕೆಂಪು. ಹಾಗಾದರೆ ಖೋಟಾ ಕಿವಿಯೋಲೆ ತುರಿಸುವುದು ಅದಕ್ಕೇ ಇರಬೇಕು.

ಈಗ ಪಿಪಿಡಿ ಇಲ್ಲ ಅಂತ ಬರೆದ ಡೈ ಸಿಗುತ್ತದಲ್ಲ, ಅದು ಹಾಕಬಹುದಾ? ಇನ್ನೊಂದು, ಮೂತ್ರದ ಸೋಂಕಿಗೆ ಸಲ್ಫಾ ಮಾತ್ರೆ ಕೊಡುತ್ತಾರೆ. ಅದೂ ಇದೇ ಕುಟುಂಬದ್ದು ಅಂತ ಎಲ್ಲೋ ಓದಿದೆ.

ಒಪಿಡಿ ಸಿಸ್ಟರ್
ಪಿಪಿಡಿ ಇಲ್ಲ ಅಂದ ಡೈಗಳಲ್ಲಿ ಹೆಚ್ಚಿನವುಗಳಲ್ಲಿ ಅದರ ದಾಯಾದಿ ಇರುತ್ತದೆ, ಟೊಲುಯಿನ್-ಡಯಮೈನ್ ಅಂತ ಹೆಸರು. ಪಿಪಿಡಿ ಆಗದವರಲ್ಲಿ ಬಹಳ ಮಂದಿಗೆ ಅದೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಅದನ್ನೂ ಬೆನ್ನಿಗೆ ಹಾಕಿ ನೋಡಿದ ಮೇಲೆಯೇ ತಲೆಗೆ. ಅಮೋನಿಯಾ ಇಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಬೆಳ್ಳಿಕೂದಲು ಅವರೇ.

ಸಲ್ಫಾ ವಿಷಯ ಪುಸ್ತಕದಲ್ಲಿ ಇದೆ. ನಾನು ನೋಡಿದವರಲ್ಲಿ ಹೆಚ್ಚಿನವರು ಆ ಮಾತ್ರೆ ತಿಂದು ಸುಖವಾಗಿದ್ದರು. ಆದರೂ ಡಾಕ್ಟರಿಗೆ ಪಿಪಿಡಿ ಅಲರ್ಜಿ ಅಂತ ಮೊದಲೇ ಹೇಳಿ, ಅವರು ನಿರ್ಧರಿಸಲಿ. ನನಗೆ ಜಾಸ್ತಿ ಹೆದರಿಕೆ ಮರಗಟ್ಟಿಸುವ ಮುಲಾಮುಗಳದ್ದು. ಬೆಂಜೊಕೇನ್ ಅಂತ ಬರೆದಿದ್ದರೆ ಬಿಟ್ಟುಬಿಡಿ.

ಉಳ್ಳಾಲದ ಹುಡುಗ
ಸಿಸ್ಟರ್, ಅಕ್ಕನ ಮಗಳ ಕೈಯ ಮಾವಿನಕಾಯಿ ಅರ್ಧ ಮಾಸಿದೆ, ಬಾಲ ಮಾತ್ರ ಕಾಣುತ್ತದೆ. ಶಾಲೆಯ ಡೇ ಪ್ರೋಗ್ರಾಂಗೆ ಮತ್ತೆ ಕೋನ್ ಬೇಕು ಅಂತ ಅಳುತ್ತಾಳೆ. ಮನೆಯ ಎಲೆ ಅರೆದು ಹಾಕಬಹುದಲ್ಲ?

ಒಪಿಡಿ ಸಿಸ್ಟರ್
ಅಂದು ಅಂಗೈಗೆ ಹಾಕಿದ್ದು ಅದೇ ಗಿಡದ ಎಲೆಯಾದರೆ ಹಾಕಿ, ಬೇರೇನೂ ಬೆರೆಸಬೇಡಿ. ಆದರೆ ಆ ಮುಂಗೈ ಸದ್ಯಕ್ಕೆ ಬಿಡಿ. ಕೆಂಪೇ ಬರುವುದು, ಕಪ್ಪಲ್ಲ ಅಂತ ಅವಳಿಗೆ ಮೊದಲೇ ಹೇಳಿಡಿ.

ಬಿಜೈ ಪಾರ್ಲರ್
ನಾನು ಜನವರಿ ಎರಡನೇ ವಾರಕ್ಕೆ ಟೆಸ್ಟಿಗೆ ಹೆಸರು ಬರೆಸಿದೆ. ಮದುವೆ ಸೀಸನ್, ನಾಲ್ಕು ದಿನ ಬೆನ್ನು ಒದ್ದೆ ಮಾಡದೆ ಕೆಲಸ ಮಾಡುವುದು ಹೇಗೆ ಅಂತ ಗೊತ್ತಿಲ್ಲ.